ಅಲ್ಲದ್ದನ್ನು ಹೊರಗಿಟ್ಟ ಮಾತು

“ಅಡಕತ್ತರಿ ಎಲ್ಲಿ?”

ಚಂದ್ರಶೇಖರ ಮೇಷ್ಟ್ರ ದನಿ ನಡುಗಿತು. ಪಾಠ ಮುಗಿದು ಹುಡುಗರೆಲ್ಲ ಹೋಗಿದ್ದರು. ಕೋಣೆಯಲ್ಲಿ ಉಳಿದಿದ್ದವರು ನಾನು ಮತ್ತು ನಿವೃತ್ತ ಪೊಲೀಸ್ ದಫೇದಾರ ಬೂತಪ್ಪ. ಎಲೆ-ಅಡಿಕೆಯ ಪೆಟ್ಟಿಗೆ ಮೇಷ್ಟ್ರ ಮುಂದೆ ತೆರೆದಿತ್ತು. ಎಲೆ, ಸುಣ್ಣದ ಡಬ್ಬಿ, ಅಂದು ಮಧ್ಯಾಹ್ನವಷ್ಟೇ ತಂದಿಟ್ಟ ಕಬ್ಬಿಣದ ಹೊಸ ಅಡಕತ್ತರಿ ಎಲ್ಲ ಇದ್ದವು. ತೀರಿಹೋದ ಹೆಂಡತಿಯ ಕಾಲದ ಹಿತ್ತಾಳೆಯ ಹಳೆಯದು ಮಾತ್ರ ಇರಲಿಲ್ಲ.

“ಅದಕ್ಕೆ ಇನ್ನು ವಿಶ್ರಾಂತಿ ಕೊಡೋಣ ಅಂತ ಹೊಸದು ತಂದೆ. ಯಾರಿಗೂ ಹೇಳಿರಲೂ ಇಲ್ಲ,” ಎಂದರು.

ಚಹಾಕ್ಕೆಂದು ನಾವೆಲ್ಲ ಕೆಳಗಿಳಿದಾಗ ಮೇಲೆ ಕಸ ಗುಡಿಸುತ್ತಿದ್ದವಳು ಸೀತಕ್ಕ. ಮೇಷ್ಟ್ರು ಮೆಟ್ಟಿಲ ಬಾಗಿಲಲ್ಲೇ ಅವಳನ್ನು ತಡೆದರು.

“ನನ್ನ ಅಡಕತ್ತರಿ ತಗೊಂಡ್ಯಾ?”

“ನಾ ಕಂಡಿಲ್ಲ ಮೇಷ್ಟ್ರೇ. ಅಯ್ಯೋ, ಇನ್ನು ಅಡಿಕೆ ಹಾಕ್ಕಳದು ಹೆಂಗೆ ನೀವು?”

“ನಾಟಕ ಬೇಡ. ನಾಳೆಯಿಂದ ಬರಬೇಡ!”

ಕೊಪ್ಪ ಎಷ್ಟು ದೊಡ್ಡ ಊರು? ಬೆಳಗಾಗುವುದರೊಳಗೆ ಮತ್ತೆರಡು ಮನೆಯವರೂ ಅವಳಿಗೆ ಕೆಲಸ ಬೇಡವೆಂದರು. ಅವಳ ಅನ್ನ ಆ ಮನೆಗಳಲ್ಲೇ ಇತ್ತು.

ಇದು ನಡೆದದ್ದು ೨೦೦೪ರಲ್ಲಿ. ಬಸ್‌ಸ್ಟ್ಯಾಂಡ್ ಬಳಿಯ ನನ್ನ ಟೈಪಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೇಷ್ಟ್ರು ಭಾನುವಾರಗಳಂದು ಬೌದ್ಧರ ತರ್ಕ ಹೇಳಿಕೊಡುತ್ತಿದ್ದರು. ಆ ದಿನದ ಪಾಠ ಅಪೋಹ. ಲೋಕದಲ್ಲಿರುವುದು ಒಂದೊಂದೇ ಹಸು. ಎಲ್ಲ ಹಸುಗಳ ಒಳಗೂ ಕೂತಿರುವ ‘ಹಸುತನ’ ಎಂಬ ವಸ್ತುವೇನೂ ಇಲ್ಲ. ‘ಹಸು’ ಎಂಬ ಮಾತು ಮಾಡುವುದಿಷ್ಟೇ: ಹಸು ಅಲ್ಲದ್ದನ್ನೆಲ್ಲ ಹೊರಗಿಡುತ್ತದೆ.

ರಾಕೇಶ ಎದ್ದು ನಿಂತಿದ್ದ. ಮೇಷ್ಟ್ರಿಗೆ ಅಚ್ಚುಮೆಚ್ಚಿನ ಶಿಷ್ಯ. “ಹಸು ಗೊತ್ತಿಲ್ಲದೆ ಹಸು ಅಲ್ಲದ್ದು ಹೇಗೆ ಗೊತ್ತಾಗುತ್ತೆ ಸರ್? ಗಾಣ ಸುತ್ತಿದ ಹಾಗಾಯ್ತಲ್ಲ?”

ಮೇಷ್ಟ್ರು ಹಿಗ್ಗಿದ್ದರು. “ಅಮೃತಬಳ್ಳಿ, ನೆಲಬೇವು ಎರಡೂ ಬೇರೆ ಬೇರೆ. ಆದರೂ ಎರಡೂ ಜ್ವರ ಇಳಿಸ್ತವೆ. ಆ ಕೆಲಸ ಮಾಡದವುಗಳಿಂದ ಬೇರೆ ಮಾಡಿ ‘ಜ್ವರದ ಮದ್ದು’ ಅಂತೀವಿ. ಒಳಗೊಂದು ‘ಮದ್ದುತನ’ವನ್ನು ಮೊದಲು ಕಾಣಬೇಕಿಲ್ಲ. ಹಸುವೂ ಹಾಗೇ. ಇನ್ನೊಂದು, ‘ಹಸು’ ಅಂದರೆ ಕುದುರೆ ಹೊರಗೆ ಹೋಯ್ತು, ಬಣ್ಣದ ಮಾತೇ ಬರಲಿಲ್ಲ. ‘ಕೆಂಪು ಹಸು’ ಅಂದಾಗ ಕರಿಯದು, ಬಿಳಿಯದೂ ಹೊರಗೆ.”

ನನ್ನ ಮಂಡೆಗೆ ಅರ್ಧವೂ ಹತ್ತಿರಲಿಲ್ಲ, ಅದು ಬೇರೆ ಮಾತು.

ಮರುದಿನ ಬೂತಪ್ಪ ವಿಚಾರಣೆಗೆ ಹೊರಟರು. “ಹೊಸ ಅಡಕತ್ತರಿ ಸುದ್ದಿ ಎತ್ಬೇಡ ಮಾರಾಯ,” ಎಂದು ನನ್ನ ಬಾಯಿ ಕಟ್ಟಿದರು. ಚಹಾದ ಹೊತ್ತಿನಲ್ಲಿ ಮತ್ತಿಬ್ಬರು ಮೇಲೆ ಹೋಗಿಬಂದಿದ್ದರು. ಪಾಠಕ್ಕೆ ಬರುತ್ತಿದ್ದ ಭವ್ಯ ಪುಸ್ತಕ ತರಲು, ರಾಕೇಶ ಕೊಡೆ ತರಲು.

“ಮೇಷ್ಟ್ರ ಅಡಕತ್ತರಿ ಕಳೆದಿದೆ,” ಎಂದರು ಬೂತಪ್ಪ.

“ಪೆಟ್ಟಿಗೇಲಿ ಇಲ್ವಾ?” ಎಂದಳು ಭವ್ಯ.

ಅದೇ ಮಾತನ್ನು ರಾಕೇಶನಿಗೂ ಹೇಳಿದರು.

“ಹೌದಾ? ಹಿತ್ತಾಳೇದಾ?”

“ಹೂಂ. ನೀ ನೋಡಿದ್ಯಾ?”

“ಇಲ್ಲಪ್ಪ. ಸೀತಕ್ಕ ಒಬ್ಬಳೇ ಇದ್ದಳಂತಲ್ಲ?”

ಬೂತಪ್ಪ ಸಂಜೆ ಅವನನ್ನು ಮೇಷ್ಟ್ರ ಕೋಣೆಗೇ ಕರೆಸಿದರು.

“ಮೇಷ್ಟ್ರೇ, ನಿಮ್ಮ ಪಾಠ ಒಪ್ಪಿಸ್ತೀನಿ. ತಪ್ಪಿದ್ರೆ ತಿದ್ದಿ. ಇಷ್ಟು ವರ್ಷ ಈ ಕೋಣೇಲಿ ಇದ್ದದ್ದು ಒಂದೇ ಅಡಕತ್ತರಿ. ‘ಅಡಕತ್ತರಿ’ ಅಂದ್ರೆ ಚಾಕು, ಕತ್ತರಿ ಹೊರಗಾದವು. ಅಷ್ಟು ಸಾಕಿತ್ತು. ‘ಹಿತ್ತಾಳೇದಾ’ ಅಂದ ರಾಕೇಶ. ಆ ಮಾತು ಹೊರಗಿಟ್ಟಿದ್ದು ಎಂತದನ್ನ?”

“ಹಿತ್ತಾಳೆ ಅಲ್ಲದ ಅಡಕತ್ತರಿಯನ್ನ,” ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರ ಮುಖ ಬಿಳುಚಿತು.

“ಆ ಕಬ್ಬಿಣದ್ದು ಪೆಟ್ಟಿಗೆಗೆ ಬಂದದ್ದು ನಿನ್ನೆ ಮಧ್ಯಾಹ್ನ. ಮುಚ್ಚಳ ತೆರೆದವನಿಗೆ ಮಾತ್ರ ಗೊತ್ತು. ಅಲ್ವನಾ ರಾಕೇಶ?”

ರಾಕೇಶ ತಪ್ಪೊಪ್ಪಿಕೊಂಡ. ನರಸಿಂಹರಾಜಪುರದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಹಿತ್ತಾಳೆಯ ಅಡಕತ್ತರಿಯ ಮೇಲೆ ಕಣ್ಣಿಟ್ಟಿದ್ದ. “ಸೀತಕ್ಕ ಕಸ ಚೆಲ್ಲೋಕೆ ಹೋಗಿದ್ದಾಗ ಪೆಟ್ಟಿಗೆ ತೆರೆದೆ. ಹೊಸದು ಕಂಡಿತು ಸರ್. ಹಳೇದು ಇನ್ನು ನಿಮಗೆ ಬೇಡವೇನೋ ಅಂದ್ಕೊಂಡೆ,” ಎಂದು ಅತ್ತುಬಿಟ್ಟ. ಚೀಲದಿಂದ ಅದನ್ನು ತೆಗೆದಿಟ್ಟ. ಇನ್ನೂ ಮಾರಿರಲಿಲ್ಲ.

ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಅವರು ಬೇರೇನನ್ನೋ ನೆನೆಯುತ್ತಿದ್ದರು.

“ಇನ್ನು ಅಡಿಕೆ ಹಾಕ್ಕೊಳ್ಳೋದು ಹೇಗೆ ಅಂತ ಕೇಳಿದಳಲ್ಲ ಬೂತಪ್ಪ! ಇನ್ನೊಂದು ಇರೋದೇ ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ತೆರೆದವಳು ಹಾಗೆ ಕೇಳ್ತಾಳಾ? ನನ್ನ ಕಿವಿಗೇ ಬಿದ್ದ ಮಾತು. ಪಾಠ ಹೇಳಿದವನು ನಾನು!”

ಮೇಷ್ಟ್ರು, ಬೂತಪ್ಪ, ನಾನು ಮೂವರೂ ಹಿರೇಕೊಡಿಗೆಯ ಸೀತಕ್ಕನ ಮನೆಗೆ ಹೋದೆವು. ಸೀತಕ್ಕ ಜಗಲಿಯಲ್ಲಿ ಚಾಪೆ ಹಾಸಿ, ನೀರು-ಬೆಲ್ಲ ಇಟ್ಟಳು. ಮೇಷ್ಟ್ರು ಕೂರಲಿಲ್ಲ.

“ತಪ್ಪಾಯ್ತು ಸೀತಕ್ಕ. ನೀನು ಕಳ್ಳಿ ಅಲ್ಲ. ಮನೆಮನೆಗೂ ಹೋಗಿ ಹೇಳ್ತೀನಿ.”

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು.

“ಹೇಳಿ ಮೇಷ್ಟ್ರೇ. ಆದ್ರೆ ಮೊನ್ನೆವರೆಗೂ ನಾನು ಬರೀ ಸೀತಕ್ಕ ಆಗಿದ್ದೆ. ಕಳ್ಳಿ ಅಲ್ಲ ಅಂತ ಯಾರಿಗೂ ಹೇಳ್ಬೇಕಿರ್ಲಿಲ್ಲ.”

ಮೇಷ್ಟ್ರು ಮನೆಮನೆಗೂ ಹೋಗಿ ಹೇಳಿದರು. ಸೀತಕ್ಕ ಮತ್ತೆ ಕೊಪ್ಪಕ್ಕೆ ಕೆಲಸಕ್ಕೆ ಬರಲಿಲ್ಲ.