ಐದನೆಯ ಮಾವಿನ ಮರ

"ಸಿಕ್ತು! ಅಮ್ಮಾ, ಮಾವಿನ ಮರಕ್ಕೆ ಪ್ರಾಸ ಸಿಕ್ತು!"

"ಏನದು?" ರೊಟ್ಟಿ ತಟ್ಟುತ್ತಿದ್ದ ಅಮ್ಮ ತಿರುಗಿ ನೋಡದೆ ಕೇಳಿದಳು.

"ಕೋಗಿಲೆ ಸ್ವರ!"

"ಆಹಾ! ಇನ್ನು ಮೇಲೆ ಕಸ ಹೊರಗೆ ಹಾಕು ಅಂತ ಹೇಳೋದಾದ್ರೂ ಹೇಗೆ ನಿನಗೆ? ಕವಿಗಳು!"

ಇಂಪನಾಳಿಗೆ ಕೋಪ ಬರಲಿಲ್ಲ. ಕವಿಗಳು ಇಂಥದ್ದನ್ನೆಲ್ಲ ಸಹಿಸಿಕೊಳ್ಳಬೇಕು ಎಂದು ಅವಳು ತೀರ್ಮಾನಿಸಿದ್ದಳು. ಬೆಳಿಗ್ಗೆಯಿಂದ ಮೂರು ಬಗೆಯ ಸಹಿಯನ್ನೂ ಅಭ್ಯಾಸ ಮಾಡಿದ್ದಳು.

ಸ್ವೀಡನ್ನಿನ ಊಮಿಯೊ ನಗರದ ಕನ್ನಡ ಬಳಗದವರು ಪ್ರತಿ ಯುಗಾದಿಗೆ 'ಬೆಳ್ಮುಗಿಲು' ಎಂಬ ಪತ್ರಿಕೆ ತರುತ್ತಾರೆ. ಈ ಸಲ ಮಕ್ಕಳಿಗೆ ಕೊಟ್ಟಿದ್ದ ವಿಷಯ 'ಊರ ನೆನಪು, ಹೊಸ ಮಾತು'. ಪತ್ರಿಕೆ ದಾವಣಗೆರೆಯ ಅಜ್ಜನ ಮೊಬೈಲಿಗೂ ಹೋಗುತ್ತದೆ. "ನಿನ್ನ ಪದ್ಯ ಬರ್ಲಿ, ಪೂಜೆ ಆದ ಮೇಲೆ ದಿನಾ ಓದ್ತೀನಿ" ಎಂದು ಅಜ್ಜ ಹೇಳಿಬಿಟ್ಟಿದ್ದರು. ಹೋದ ವರ್ಷ ಅಜ್ಜಿ ಶಿವನ ಪಾದ ಸೇರಿದ ಮೇಲೆ ಅಜ್ಜ ಇಷ್ಟು ಆಸೆಯಿಂದ ಏನನ್ನೂ ಕೇಳಿರಲಿಲ್ಲ. ಆದ್ದರಿಂದ ಪದ್ಯ ಅಚ್ಚಾಗಲೇಬೇಕಿತ್ತು.

ಇಂಪನಾ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿ ಪದ್ಯ ಬರೆಯುವುದನ್ನು ಕಲಿತಿದ್ದಳು. ಮಾವಿನ ಮರ, ಬಾವಿಕಟ್ಟೆ, ಮಲ್ಲಿಗೆ, ಕರು. ಎಲ್ಲವನ್ನೂ ಸೇರಿಸಿದಳು. ಹೊಸ ಮಾತಿನ ಬಗ್ಗೆ ಕೊನೆಯಲ್ಲಿ ಎರಡೇ ಸಾಲು: 'ಸ್ವೀಡಿಷ್ ಬಹಳ ಕಷ್ಟ, ಕನ್ನಡವೇ ನನಗಿಷ್ಟ.' ಒಂದೇ ಬೆರಳಿನಲ್ಲಿ ಒತ್ತಕ್ಷರ ಹುಡುಕಿ ಹುಡುಕಿ ಟೈಪ್ ಮಾಡಿ ಕಳಿಸಿದಳು.

ಸಂಪಾದಕಿ ಪಂಕಜಾಕ್ಷಿ ಆಂಟಿ ಮರುದಿನವೇ ಫೋನ್ ಮಾಡಿದರು. ಆಂಟಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು. ಪದ್ಯವನ್ನೂ ಹಾಗೆಯೇ ಪರೀಕ್ಷೆ ಮಾಡುತ್ತಾರೆ ಎಂದು ಅಪ್ಪ ಹೇಳುವುದುಂಟು.

"ಪುಟ್ಟಿ, ಪ್ರಾಸ ಚೆನ್ನಾಗಿದೆ. ಆದ್ರೆ ಈ ಸಂಚಿಕೆಗೆ ಬಂದಿರೋದ್ರಲ್ಲಿ ನಿಂದು ಐದನೇ ಮಾವಿನ ಮರ. ಹೀಗೇ ಆದ್ರೆ ಬಳಗದವ್ರೆಲ್ಲ ಸೇರಿ ಉಪ್ಪಿನಕಾಯಿ ಹಾಕಬಹುದು."

ಇಂಪನಾ ಹಳೆಯ ಸಂಚಿಕೆಗಳನ್ನು ಮೇಜಿನ ಕೆಳಗೆ ತಳ್ಳಿದಳು.

"ಬೇಜಾರು ಮಾಡ್ಕೋಬೇಡ. ಹೋದ ವರ್ಷ ನಾನೂ ನನ್ನ ಪದ್ಯದಲ್ಲಿ ಒಂದು ನೆಟ್ಟಿದ್ದೆ. ನಾನು ಬೆಳೆದದ್ದು ಸೈಕಲ್ ಅಂಗಡಿ ಮೇಲಿನ ಒಂದು ರೂಮಲ್ಲಿ! ನಿಜ ಹೇಳು, ನಿಮ್ಮನೇಲಿ ಏನಿತ್ತು?"

ದಾವಣಗೆರೆಯ ಮನೆ ಮೂರನೆಯ ಮಹಡಿಯಲ್ಲಿತ್ತು. ಇಂಪನಾ ಯೋಚಿಸಿ, ನಾಚಿಕೊಂಡು ಹೇಳಿದಳು: "ದೊಡ್ಡಪತ್ರೆ ಆಂಟಿ. ಪೇಂಟ್ ಡಬ್ಬೀಲಿ. ಅಜ್ಜಿ ನೆಟ್ಟಿದ್ದು."

"ಅಲ್ಲಿಂದ ಶುರು ಮಾಡು. ಸ್ವೀಡಿಷ್ ಕಷ್ಟ ಅಂದಿದೀಯಲ್ಲ, ಏನು ಕಷ್ಟ ಅಂತ ಬರಿ. ಪ್ರಾಸ ಇಲ್ಲದಿದ್ರೂ ನಡೀತದೆ. ಜೋರಾಗಿ ಓದ್ಕೋ, ಎಲ್ಲಿ ಉಸಿರು ನಿಲ್ಲುತ್ತೋ ಅಲ್ಲಿ ಸಾಲು ಮುರಿ. ಭಾನುವಾರ ಪುಟ ಕಟ್ತೀನಿ. ಅಷ್ಟರೊಳಗೆ ಬರದಿದ್ರೆ ಆ ಜಾಗಕ್ಕೆ ಪುಳಿಯೋಗರೆ ಮಾಡುವ ವಿಧಾನ ಹಾಕಬೇಕಾಗುತ್ತೆ."

ಮಹಾಕವಿಯ ಜಾಗದಲ್ಲಿ ಪುಳಿಯೋಗರೆ! ಇಂಪನಾ ಮೂರು ಸಹಿಗಳಿದ್ದ ಹಾಳೆಯನ್ನು ಮಡಿಸಿ ಇಟ್ಟಳು.

ಮರುದಿನ ಶಾಲೆಯ ಅಂಗಳದ ಹಿಮದ ಗುಡ್ಡೆಯ ಮೇಲೆ ಗೆಳತಿ ತೂವಾಳ ಪಕ್ಕದಲ್ಲಿ ಕುಳಿತು ಕೇಳಿದಳು.

"ತೂವಾ, ನಾನು ಹೊಸದಾಗಿ ಬಂದಾಗ ಪೆದ್ದಿ ಥರ ಇದ್ನಾ?"

"ಶುಪ್" ಎಂದಳು ತೂವಾ.

ಆ ಊರಿನಲ್ಲಿ ಹೌದು ಎನ್ನಲು ಜನ ಬಾಯಿ ತೆರೆಯುವುದೇ ಇಲ್ಲ. ತುಟಿ ಚೂಪು ಮಾಡಿ ಶುಪ್ ಎಂದು ಉಸಿರನ್ನು ಒಳಗೆ ಎಳೆದುಕೊಂಡರೆ ಆಯಿತು.

"ಅಷ್ಟು ಬೇಗ ಒಪ್ಕೋಬೇಡ್ವೇ!"

"ಮತ್ತೇನು? ಮೊದಲನೇ ದಿನ ಊಟದ ಕೋಣೇಲಿ ನಾನು ಶುಪ್ ಅಂದೆ. ನೀನು ಓಡಿ ಹೋಗಿ ನೀರು ತಂದೆ!"

"ಆಲೂಗಡ್ಡೆ ಬಿಸಿ ಇತ್ತಲ್ಲ. ನಾಲಿಗೆ ಸುಟ್ಕೊಂಡೆ ಅಂದ್ಕೊಂಡೆ."

"ಮತ್ತೆ ಶುಪ್ ಅಂದೆ. ಇನ್ನೊಂದು ಲೋಟ! ಆಮೇಲೆ ಮೇಷ್ಟ್ರಿಗೂ ತಂದ್ಕೊಟ್ಟೆ."

"ನೀನ್ಯಾಕೆ ಎಲ್ಲಾ ಕುಡಿದೆ ಮತ್ತೆ?"

"ನಿಮ್ಮೂರಲ್ಲಿ ಹೌದು ಅಂದೋರಿಗೆಲ್ಲ ನೀರು ಕೊಡ್ತಾರೇನೋ ಅಂದ್ಕೊಂಡೆ! ಬೇಡ ಅಂದ್ರೆ ನಿನಗೆ ಬೇಜಾರಾದ್ರೆ? ಆ ಮಧ್ಯಾಹ್ನವೆಲ್ಲ ಬಾತ್‌ರೂಮಿಗೆ ಓಡಿದ್ದೇ ಓಡಿದ್ದು."

ಇಬ್ಬರೂ ನಗುತ್ತ ಗುಡ್ಡೆಯಿಂದ ಜಾರಿಬಿದ್ದರು. ಮುಖಕ್ಕೆ ಹಿಮ ಮೆತ್ತಿಕೊಂಡಿತು.

ಶನಿವಾರ ಅಜ್ಜನ ವಿಡಿಯೋ ಕಾಲ್ ಬಂತು. ಹಣೆಯ ತುಂಬ ವಿಭೂತಿ. ಹಿಂದಿನಿಂದ ದೊಡ್ಡಮ್ಮನ ಕುಕ್ಕರ್ ಕೂಗುತ್ತಿತ್ತು.

"ಊಟ ಆಯ್ತೇನವ್ವಾ, ಇಂಪವ್ವಾ?"

"ಶುಪ್."

ಅಜ್ಜನ ಮುಖ ಪರದೆಯ ಹತ್ತಿರ ಬಂತು. ಬರೀ ಮೂಗು ಕಾಣಿಸಿತು. "ಯಾಕವ್ವಾ? ಅಳ್ತಿದೀಯೇನು? ಯಾರೇನಂದ್ರು? ನಿಮ್ಮಪ್ಪನ್ನ ಕರಿ!"

"ಅಯ್ಯೋ, ಇಲ್ಲಜ್ಜ! ಅದು ಇಲ್ಲಿ ಹೌದು ಅನ್ನೋದು!"

ಇಂಪನಾಳಿಗೇ ಆಶ್ಚರ್ಯವಾಯಿತು. ಸ್ವೀಡಿಷ್ ಬಹಳ ಕಷ್ಟ ಎಂದು ಬರೆದ ಬಾಯಿಯಿಂದಲೇ ಅದು ಬಂದಿತ್ತು, ಅದೂ ಅಜ್ಜನ ಹತ್ತಿರ. ಯಾವಾಗ ಒಳಗೆ ಬಂದು ಸೇರಿಕೊಂಡಿತೋ ಗೊತ್ತೇ ಆಗಿರಲಿಲ್ಲ.

"ಹೌದು ಅನ್ನಾಕೆ ಉಸಿರು ಎಳ್ಕೋಬೇಕಾ? ಇದೊಳ್ಳೇ ಪ್ರಾಣಾಯಾಮ ಆಯ್ತಲ್ಲ! ಎಲ್ಲಿ, ನಂಗೂ ಹೇಳ್ಕೊಡು."

ಅಜ್ಜ ತುಟಿ ಚೂಪು ಮಾಡಿದರು. ಮೊದಲು ಸೀಟಿ ಬಂತು. ಆಮೇಲೆ ಕೆಮ್ಮು. "ರೀ ಮಾವ, ನೀರು ತರ್ಲಾ?" ಎಂದು ದೊಡ್ಡಮ್ಮ ಕೂಗಿದರು. ಇಂಪನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅಜ್ಜನಿಗೂ ಬಂತು: ಶುಪ್!

"ಅಜ್ಜ, ದೊಡ್ಡಪತ್ರೆ ಹೆಂಗಿದೆ?"

ಅಜ್ಜ ಫೋನನ್ನು ಕಿಟಕಿಗೆ ಹಿಡಿದರು. ಪೇಂಟ್ ಡಬ್ಬಿಗೆ ತುಕ್ಕು ಹಿಡಿದಿತ್ತು. ಗಿಡ ಮಾತ್ರ ಹಸಿರಾಗಿ ಡಬ್ಬಿಯ ಅಂಚಿನಿಂದ ಹೊರಕ್ಕೆ ಬಾಗಿತ್ತು.

"ನಿಮ್ಮಜ್ಜಿ ಇದ್ದಾಗ ನೀನು ಹಾಕ್ತಿದ್ದೆ. ಈಗ ನೀರು ಹಾಕೋ ಪಾಳಿ ನಂದು."

"ಅಜ್ಜ, ನಿಂಗೆ ಬೇಜಾರಾಗುತ್ತಾ?"

ಅಜ್ಜ ಗಿಡದ ಎಲೆಯೊಂದನ್ನು ಮುಟ್ಟಿದರು. ಪರದೆಯಲ್ಲಿ ಅವರ ಮುಖ ಇರಲಿಲ್ಲ, ಕೈ ಮಾತ್ರ ಇತ್ತು.

"ಶುಪ್" ಎಂದರು.

ಆ ಮಧ್ಯಾಹ್ನ ಇಂಪನಾ ಅಡುಗೆಮನೆಯ ಮೇಜಿನ ಬಳಿ ಕುಳಿತು ಬರೆದಳು. ಓದಿದಳು. ಉಸಿರು ನಿಂತಲ್ಲಿ ಸಾಲು ಮುರಿದಳು. ಕರು, ಬಾವಿ, ಕೋಗಿಲೆ, ಯಾವುದೂ ಬರಲಿಲ್ಲ. ಪ್ರಾಸವೂ ಬರಲಿಲ್ಲ.

*ಪೇಂಟಿನ ಡಬ್ಬಿಯಲ್ಲಿ ಅಜ್ಜಿಯ ದೊಡ್ಡಪತ್ರೆ.*
*ನೀರು ಹಾಕುವುದು ನನ್ನ ಕೆಲಸವಾಗಿತ್ತು.*
*ಇಲ್ಲಿಗೆ ಬಂದು, ಹೊಸ ಮಾತಿಗೆ ಹೆದರಿ*
*ಗೆಳತಿಗೆ ನೀರು ಕೊಟ್ಟೆ.*
*ಅವಳೇನೂ ಬಾಡಿರಲಿಲ್ಲ.*
*ಅವಳ ಹೌದು ಈಗ ನನ್ನ ಬಾಯಲ್ಲಿ.*
*ಅಜ್ಜನಿಗೂ ಕಲಿಸಿದೆ.*
*"ಬೇಜಾರಾಗುತ್ತಾ ಅಜ್ಜ?" ಎಂದೆ.*
*ಅಜ್ಜ ಹೇಳಿದರು:*

ಅದರ ಕೆಳಗೆ ಏನು ಬರೆಯುವುದು? ಶುಪ್ ಎಂದು ಬರೆದಳು. ಸೋಡಾ ಬಾಟಲಿ ತೆರೆದಂತೆ ಕೇಳಿಸಿತು. ಅಳಿಸಿದಳು. ಒಂದು ಸಾಲಿನಷ್ಟು ಜಾಗವನ್ನು ಖಾಲಿ ಬಿಟ್ಟು ಕಳಿಸಿದಳು.

ಭಾನುವಾರ ಬೆಳಿಗ್ಗೆ ಆಂಟಿಯ ಫೋನ್ ಬಂತು. ಪುಳಿಯೋಗರೆ ಗೆದ್ದಿತೇನೋ!

"ಪುಟ್ಟಿ, ಪುಟಕ್ಕೆ ಕೂರಿಸಿದೀನಿ. ಆದ್ರೆ ಕೊನೇ ಸಾಲು ಬಂದಿಲ್ಲ. ಕಳಿಸೋವಾಗ ಬಿಟ್ಟುಹೋಯ್ತಾ?"

"ಇಲ್ಲ ಆಂಟಿ, ಅದು ಖಾಲೀನೇ. ಓದೋರು ಅಲ್ಲಿಗೆ ಬಂದಾಗ ಉಸಿರು ಒಳಗೆ ಎಳ್ಕೋಬೇಕು. ಇಲ್ಲಿಯವ್ರು ಹೌದು ಅಂತಾರಲ್ಲ, ಹಾಗೆ."

ಆಂಟಿ ಮೆಲ್ಲಗೆ ಮೊದಲಿನಿಂದ ಓದತೊಡಗಿದರು. ದೊಡ್ಡಪತ್ರೆ, ನೀರು, ಗೆಳತಿ. ಅಜ್ಜ ಹೇಳಿದರು ಎನ್ನುವಲ್ಲಿಗೆ ಬಂದು ನಿಂತರು.

ಆಮೇಲೆ ಆ ಕಡೆಯಿಂದ ಉಸಿರು ಒಳಗೆ ಎಳೆದುಕೊಂಡ ಸದ್ದು ಬಂತು.

ಅದು ಹೌದೋ, ಅಳುವೋ, ಇಂಪನಾಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಎದ್ದು ಹೋಗಿ ಒಂದು ಲೋಟ ನೀರು ಹಿಡಿದುಕೊಂಡಳು. ಅದನ್ನು ಫೋನಿನಲ್ಲಿ ಕೊಡಲಾಗದು ಎಂದು ಆಮೇಲೆ ಹೊಳೆಯಿತು. ಫೋನನ್ನು ಕಿವಿಗೆ ಒತ್ತಿಕೊಂಡು, ಸದ್ದಾಗದಂತೆ ತಾನೇ ಕುಡಿದಳು.