ಕಾರ್ಡಿನ ಮೇಲಿನ ಮೊದಲ ಹೆಸರು

ಶನಿವಾರ ಬೆಳಗ್ಗೆ ಹತ್ತಕ್ಕೇ ವೆರ್ನಾ ಡಿಕ್‌ಗೆ ಸುಸ್ತಾಗಿತ್ತು. ವಾರವಿಡೀ ವಿನಿಪೆಗ್ ನಗರದಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಗಾಯಕ್ಕೆ ಬ್ಯಾಂಡೇಜು ಕಟ್ಟುವ ನರ್ಸು ಅವಳು. ಶನಿವಾರ ಬಂತೆಂದರೆ ಮೆನೊನೈಟ್ ಪಂಥದ ಚರ್ಚಿನ ನೆಲಮಾಳಿಗೆಯಲ್ಲಿ ಈ ತರಬೇತಿ. ಬೇರೆ ನಂಬಿಕೆಯ ನೆರೆಯವರೊಂದಿಗೆ ತಮ್ಮ ನಂಬಿಕೆಯ ಮಾತನ್ನು ಮರ್ಯಾದೆಯಿಂದ ಆಡುವುದು ಹೇಗೆ ಎಂದು ಹನ್ನೆರಡು ಮಂದಿ ಸದಸ್ಯರಿಗೆ ಕಲಿಸಬೇಕು. ಐವತ್ತೆರಡು ವರ್ಷದ ಮಂಡಿಗೆ ಆ ಮೆಟ್ಟಿಲು ಇಳಿಯುವುದೇ ಒಂದು ಕೆಲಸ.

ಹಿಂದಿನ ಮೂರು ವಾರ ಸದಸ್ಯರೇ ನೆರೆಯವರ ಪಾತ್ರ ಹಾಕಿದ್ದರು. ಅದು ಕೆಟ್ಟಿತ್ತು. ಪಾತ್ರಧಾರಿಗಳೆಲ್ಲ ಮೂರನೇ ನಿಮಿಷಕ್ಕೇ "ಅಯ್ಯೋ, ಯೇಸುವಿನ ವಿಷಯ ಇನ್ನೂ ಹೇಳಿ!" ಎಂದು ಕರಗಿಬಿಡುತ್ತಿದ್ದರು. ರಿಟೈರ್ಡ್ ಮೇಷ್ಟ್ರು ಹಾರ್ವಿ ಪೆನ್ನರ್ ಅಂತೂ ಸಿಖ್ಖನ ಪಾತ್ರಕ್ಕೆಂದು ಪಾತ್ರೆ ಒರೆಸುವ ಬಟ್ಟೆಯನ್ನು ತಲೆಗೆ ಸುತ್ತಿಕೊಂಡಿದ್ದರು. ವೆರ್ನಾ ಅದನ್ನು ಕಿತ್ತುಕೊಂಡು, ಇನ್ನು ಯಾರೂ ತಮಗೆ ತಿಳಿಯದ ನಂಬಿಕೆಯ ವೇಷ ಹಾಕಬಾರದು ಎಂದು ನಿಯಮ ಮಾಡಿದಳು. ಹಾಗಾಗಿಯೇ ಈ ವಾರ ಪಕ್ಕದ ಮನೆಯ ಜಗೀರ್ ಸಿಂಗ್‌ರನ್ನು ಕರೆದದ್ದು.

ಹಾಗೆಂದು ಅವಳು ಹನ್ನೆರಡು ಜನಕ್ಕೆ ಹೇಳಿದಳು. ಜಗೀರ್ ನಗುವಾಗ ಮೊದಲು ಎಡಗಣ್ಣು ಸಣ್ಣದಾಗುತ್ತದೆ, ಅದನ್ನು ಒಂದು ಶನಿವಾರವಾದರೂ ಹತ್ತಿರದಿಂದ ನೋಡಬೇಕಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ಜಗೀರ್ ಸಿಟಿ ಬಸ್ ಡ್ರೈವರು. ಹೆಂಡತಿ ತೀರಿಕೊಂಡು ಐದು ವರ್ಷ. ನೀಲಿ ಪಗಡಿಯ ಮೇಲಿನ ಹಿಮ ಕೊಡವುತ್ತ ಬಂದು ಕೇಳಿದರು, "ನಂಗೆ ಆಕ್ಟಿಂಗ್ ಬರಲ್ಲ ರೀ. ಏನ್ ಮಾಡ್ಲಿ?"

"ನೀವು ನೀವಾಗಿರಿ, ಸಾಕು."

"ಬಸ್ಸಲ್ಲಿ ದಿನಾ ಅದೇ ಮಾಡ್ತೀನಿ. ಯಾರೂ ಕಾಫಿ ಕೊಡಲ್ಲ." ಎಡಗಣ್ಣು ಸಣ್ಣದಾಯಿತು. ವೆರ್ನಾ ಕಾಫಿ ಬಗ್ಗಿಸುವ ನೆಪದಲ್ಲಿ ಮುಖ ತಿರುಗಿಸಿದಳು.

ಮೂವರ ಗುಂಪು, ಏಳು ನಿಮಿಷ. ಒಬ್ಬರು ಮಾತಾಡುವವರು, ಒಬ್ಬರು ನೆರೆಯವರು, ಮೂರನೆಯವರು ಗಡಿಯಾರ ಹಿಡಿದು ಗಮನಿಸುವವರು. ಮೊದಲು ಅಪ್ಪಣೆ ಕೇಳಬೇಕು. ಆಮೇಲೆ ಎದುರಿನವರ ಮಾತು ಕೇಳಿ, ಕೇಳಿದ್ದನ್ನು ತಿರುಗಿ ಹೇಳಬೇಕು. "ಹೌದು, ನಾನು ಹೇಳಿದ್ದು ಅದೇ" ಎಂದು ಅವರು ಒಪ್ಪುವವರೆಗೆ ಮುಂದೆ ಹೋಗುವಂತಿಲ್ಲ. ಹೇಳುವುದಾದರೆ ತನ್ನ ಕಥೆ ಮಾತ್ರ, ಅವರ ಧರ್ಮದ ತಪ್ಪು ಎಣಿಸುವಂತಿಲ್ಲ. "ಬೇಡ" ಎಂದರೆ ಅಲ್ಲಿಗೇ ಮುಗಿಯಿತು, ಆದರೆ ನೆರೆಹೊರೆ ಮುಗಿಯಬಾರದು. ಎಲ್ಲಕ್ಕಿಂತ ದೊಡ್ಡದು ಕೊನೆಯ ನಿಯಮ: ಸ್ನೇಹವನ್ನು ಗಾಳಕ್ಕೆ ಸಿಕ್ಕಿಸಬಾರದು.

ಹಾರ್ವಿ ಜಗೀರ್ ಎದುರು ಕೂತರು. "ನಿಮ್ಮ ದೇವರ ವಿಷಯ ಕೇಳ್ಬಹುದಾ?"

"ಕೇಳಿ. ದಿನಾ ಬೆಳಗ್ಗೆ ಬಸ್ ತೆಗೆಯೋಕೆ ಮುಂಚೆ ನಾಮ ಹೇಳ್ಕೋತೀನಿ. ಭಾನುವಾರ ಗುರುದ್ವಾರದಲ್ಲಿ ಊಟದ ಪಾತ್ರೆ ತೊಳೀತೀನಿ. ಹೆಂಡತಿ ಹೋದ್ಮೇಲೆ ನನ್ನ ಕಾಪಾಡಿದ್ದು ಆ ಪಾತ್ರೆಗಳೇ."

"ಅಂದ್ರೆ, ಪುಣ್ಯ ಬರ್ಲಿ ಅಂತ ತೊಳೀತೀರಾ?"

"ಊಹೂಂ. ನಾನು ಹೇಳಿದ್ದು ಅದಲ್ಲ."

ಹಾರ್ವಿ ಮೂರು ಸಲ ತಪ್ಪಿದರು. ನಾಲ್ಕನೇ ಸಲ ಮೆಲ್ಲಗೆ, "ಮನೇಲಿ ಒಬ್ರೇ ಇರೋಕಾಗ್ತಿರ್ಲಿಲ್ಲ. ಅಲ್ಲಿ ಕೈಗೆ ಕೆಲಸ ಇತ್ತು, ಪಕ್ಕದಲ್ಲಿ ಜನ ಇದ್ರು," ಎಂದರು.

"ಹೌದು, ನಾನು ಹೇಳಿದ್ದು ಅದೇ."

ಒಂದು ತಿಂಗಳ ದುಡಿಮೆಗೆ ಇದೊಂದು ಸಾಕು ಎನ್ನಿಸಿತು ವೆರ್ನಾಗೆ. ಆಟ ಮುಗಿದ ಮೇಲೆ ಪಾತ್ರ ಕಳಚುವ ಪದ್ಧತಿಯಿದೆ: ಎದೆಗೆ ಅಂಟಿಸಿಕೊಂಡ ಪಾತ್ರದ ಚೀಟಿ ತೆಗೆದು, ಸ್ವಂತ ಹೆಸರು ಹೇಳಿ, ಪಾತ್ರಕ್ಕೂ ತನಗೂ ಇರುವ ಒಂದು ವ್ಯತ್ಯಾಸ ಹೇಳಬೇಕು. ಜಗೀರ್ ಚೀಟಿ ತೆಗೆದರು. "ಜಗೀರ್ ಸಿಂಗ್. ವ್ಯತ್ಯಾಸ ಏನಿಲ್ಲಪ್ಪ, ಇವನೇ ಅವನು." ಎಲ್ಲರೂ ನಕ್ಕರು.

ಆ ನಗುವಿನಲ್ಲೇ ವೆರ್ನಾ ಮೈಮರೆತಳು. ಮುಂದಿನ ವಾರದ ಹೋಮ್‌ವರ್ಕಿಗೆ, ಪ್ರಾರ್ಥಿಸಬೇಕಾದ ನೆರೆಯವರ ಹೆಸರು ಬರೆಯುವ ಕಾರ್ಡಿನ ಮಾದರಿ ಹಂಚಿದಳು. ನಾಲ್ಕು ವರ್ಷದ ಹಿಂದೆ ಹಳೆಯ ತರಬೇತಿಯಲ್ಲಿ ತಾನೇ ತುಂಬಿದ್ದ ಕಾರ್ಡನ್ನು, ಬರೆದದ್ದರ ಮೇಲೆಲ್ಲ ಕಾಗದದ ಪಟ್ಟಿ ಅಂಟಿಸಿ ಜೆರಾಕ್ಸ್ ಮಾಡಿಸಿದ್ದಳು. ಮೂಲ ಕಾರ್ಡೂ ಕಟ್ಟಿನಲ್ಲೇ ಉಳಿದಿತ್ತು. ಪಟ್ಟಿ ಉದುರಿತ್ತು. ಅದು ಸಿಕ್ಕಿದ್ದು ಹಾರ್ವಿಗೆ, ಮೇಷ್ಟ್ರ ಗಂಟಲಿಗೆ ಗಟ್ಟಿಯಾಗಿ ಓದದೆ ಇದ್ದು ಗೊತ್ತಿಲ್ಲ.

"ಒಂದು. ಜಗೀರ್ ಸಿಂಗ್, ಪಕ್ಕದ ಮನೆ. ಸೂಪ್ ಕೊಡುವುದು, ಹಿಮ ಗೋರಿಕೊಡುವುದು. ಹೆಂಡತಿ ತೀರಿಕೊಂಡಿದ್ದಾರೆ. ಯೇಸುವಿನ ವಿಷಯ ಹೇಳಲು ಒಳ್ಳೆಯ ಅವಕಾಶ..."

ಓದುತ್ತಿದ್ದಂತೆ ಅವರಿಗೇ ಅರ್ಥವಾಗಿ ದನಿ ಇಂಗಿತು.

ಜಗೀರ್ ಕಾಫಿ ಕಪ್ಪನ್ನು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. ಸಿಟ್ಟಾದರೂ ಮಾಡಿದ್ದರೆ! "ಸೂಪ್ ಚೆನ್ನಾಗಿತ್ತು ರೀ," ಎಂದು ಹೇಳಿ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಹಾರ್ವಿಯ ಕಣ್ಣು ಒದ್ದೆಯಾಗಿತ್ತು. "ನನ್ನ ನಾಲಗೆಗೆ ಬೆಂಕಿ ಬೀಳ. ಹೋಗಮ್ಮ, ಕುರ್ಚಿ ನಾವು ಮಡಚ್ತೀವಿ."

ಕಾರಿನಲ್ಲಿ ಕೂತಾಗ ಅವಳಿಗೆ ಅಳಲೂ ಶಕ್ತಿ ಇರಲಿಲ್ಲ. ಗಾಳದ ಮಾತು ಊರಿಗೆಲ್ಲ ಹೇಳಿದ್ದು ತಾನು. ಗಾಳ ಹಾಕಿದ್ದೂ ತಾನೇ. ಅವರಿನ್ನು ಎರಡು ಮನೆಗಳ ನಡುವಿನ ಬೇಲಿಯ ಹತ್ತಿರ ಮಾತಿಗೆ ನಿಲ್ಲುವುದಿಲ್ಲ. ಆ ಬೇಲಿ ಬಿಟ್ಟರೆ ತನ್ನ ವಾರದಲ್ಲಿ ಇನ್ನೇನಿದೆ ಎಂದು ಯೋಚಿಸಿದಳು. ಏನೂ ಇರಲಿಲ್ಲ.

ಮನೆ ಮುಟ್ಟಿದಾಗ ಜಗೀರ್ ಹಿಮ ಗೋರುತ್ತಿದ್ದರು. ತಮ್ಮ ಕಾಲುದಾರಿ ಮುಗಿಸಿ ಅವಳದರಲ್ಲಿದ್ದರು.

"ಬಿಡಿ, ಇವತ್ತು ನೀವು ಇದನ್ನ ಮಾಡೋದು..."

"'ಬೇಡ' ಅಂದ್ಮೇಲೂ ನೆರೆಹೊರೆ ಮುಗೀಬಾರ್ದು. ನಿಮ್ಮದೇ ನಿಯಮ." ತಲೆ ಎತ್ತಲಿಲ್ಲ.

ವೆರ್ನಾ ಹಿಮದಲ್ಲೇ ನಿಂತಳು. "ಒಂದು ಮಾತು ಹೇಳ್ಬಹುದಾ? ಬೇಡ ಅಂದ್ರೆ ಒಳಗೆ ಹೋಗ್ತೀನಿ."

ಅವರು ಸಲಿಕೆಯನ್ನು ಹಿಮಕ್ಕೆ ಚುಚ್ಚಿ ಗಡಿಯಾರ ನೋಡಿಕೊಂಡರು. "ಏಳು ನಿಮಿಷ."

"ಆ ಕಾರ್ಡು ಬರೆದಿದ್ದು ನಾನೇ. ಆ ಸಾಲೂ ನಂದೇ. ಮೊದಲ ಸೂಪ್ ತಂದಿದ್ದು ಅದಕ್ಕೇನೇ, ಸುಳ್ಳು ಹೇಳಲ್ಲ. ಬಾಗಿಲು ತೆಗೆದಾಗ ನಿಮ್ಮ ಮುಖ ನೋಡಿ ನಾಚಿಕೆ ಆಯ್ತು. ಈ ಹೊಸ ತರಬೇತಿ ಶುರು ಮಾಡಿದ್ದೇ ಆ ನಾಚಿಕೆಗೆ. ಆಮೇಲಿನ ಸೂಪೆಲ್ಲ..." ಉಸಿರು ಎಳೆದುಕೊಂಡಳು. "ಆಮೇಲಿಂದು ನಿಮ್ಮನ್ನ ನೋಡೋಕೆ. ಎರಡು ವರ್ಷದಿಂದ ನಿಮಗೋಸ್ಕರ ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ. ಕಣ್ಣು ಮುಚ್ಚಿದ್ರೆ ನಿಮಗೇನು ಬೇಕು ಅಂತ ಕೇಳಲ್ಲ ನಾನು, ನಂಗೆ ನೀವು ಬೇಕು ಅಂತೀನಿ. ತುಂಬ ಸುಸ್ತಾಗಿದೆ ಜಗೀರ್. ಇದನ್ನ ಬಚ್ಚಿಟ್ಟೂ ಬಚ್ಚಿಟ್ಟೂ."

ಬೀದಿಯ ಕೊನೆಯಲ್ಲಿ ಬಸ್ಸೊಂದು ತಿರುಗಿತು. ಅಭ್ಯಾಸಬಲದಿಂದ ಅವರು ಅದರ ನಂಬರ್ ನೋಡಿದರು. ಆಮೇಲೆ ಅವಳನ್ನು.

"ಕೇಳಿಸ್ಕೊಂಡಿದ್ದು ಸರೀನಾ ನೋಡಿ. ಮೊದಲ ಸೂಪ್ ದೇವರಿಗೆ."

"ಹೂಂ."

"ಮಿಕ್ಕಿದ್ದೆಲ್ಲ ನಂಗೆ."

"ಹೂಂ."

"ನಾನು ಕ್ರಿಶ್ಚಿಯನ್ ಆಗಲ್ಲ, ವೆರ್ನಾ."

"ಗೊತ್ತು. ನಾನೂ ನನ್ನ ಚರ್ಚು ಬಿಡಲ್ಲ. ಯೇಸು ನಂಗೆ ಬೇಕು. ಆದ್ರೆ ಪಾತ್ರೆ ತೊಳೆಯೋಕೆ ಬರ್ತೀನಿ, ಕರೆದ್ರೆ."

ಜಗೀರ್ ಕೈಗವಸು ಬಿಚ್ಚಿ ಅವಳ ಕೋಟಿನತ್ತ ಕೈ ಚಾಚಿದರು. ಅವಳ ಎದೆಯ ಮೇಲೆ ಇನ್ನೂ ಚೀಟಿ ಅಂಟಿತ್ತು: 'ವೆರ್ನಾ, ತರಬೇತುದಾರರು.' ಅದನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರು.

"ಈಗ ಹೆಸರು ಹೇಳಿ. ವ್ಯತ್ಯಾಸಾನೂ ಹೇಳಿ."

"ವೆರ್ನಾ ಡಿಕ್." ಕೊನೆಗೂ ಅಳು ಬಂತು. "ತರಬೇತುದಾರರಿಗೆ 'ಬೇಡ' ಅನ್ನೋದು ಕೇಳಿ ಅಭ್ಯಾಸ ಇದೆ. ನಂಗಿಲ್ಲ."

ಎಡಗಣ್ಣು ಸಣ್ಣದಾಯಿತು.

"ನಾನು ಬೇಡ ಅಂದಿಲ್ವಲ್ಲ," ಎಂದರು ಜಗೀರ್. "ಭಾನುವಾರ ಹನ್ನೊಂದಕ್ಕೆ ಬನ್ನಿ. ತೋಳು ಮಡಚೋ ಅಂಥ ಬಟ್ಟೆ ಹಾಕ್ಕೊಳ್ಳಿ, ಪಾತ್ರೆ ಜಾಸ್ತಿ ಇರ್ತವೆ."