ಓನರಮ್ಮ ಕೀ ಕಿತ್ತುಕೊಂಡಳು

"ಕೀ ಕೊಡಿ ಇಲ್ಲಿ! ನಾಳೆಯಿಂದ ನಿಮಗೆ ಗಾಡಿ ಇಲ್ಲ!"

ದಿನದ ಬಾಡಿಗೆ ನಾನೂರನ್ನು ಹಿಡಿದು ಗೇಟಿನಲ್ಲಿ ನಿಂತಿದ್ದ ಅವನ ಕೈಯಿಂದ ಅವಳು ಆಟೋ ಕೀ ಕಿತ್ತುಕೊಂಡಳು. ಅವನು ಕಕ್ಕಾಬಿಕ್ಕಿಯಾದ.

ಎರಡು ವರ್ಷದಿಂದ ಅವಳ ಆಟೋ ಓಡಿಸುತ್ತಿದ್ದಾನೆ. ಅಪ್ಪ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಅದೊಂದೇ ಆಟೋ. ಅವಳಿಗಿನ್ನೂ ಇಪ್ಪತ್ತಾರು ವಯಸ್ಸು, ಆದರೂ ಸ್ಟ್ಯಾಂಡಿನವರಿಗೆಲ್ಲ ಅವಳು ಓನರಮ್ಮ!

"ಹಾಗಾದ್ರೆ ಸ್ಟ್ಯಾಂಡಲ್ಲಿ ಹೇಳಿದ್ದು ನಿಜ... ಬೇರೆ ಡ್ರೈವರ್ ನೋಡಿದ್ದೀರಾ?" ಅವನ ಮುಖ ಸಣ್ಣದಾಯಿತು.

"ನೋಡಿದ್ದೀನಿ. ಮೊದಲು ನೀವು ಹೇಳಿ. ಫೈನಾನ್ಸ್‌ನೋರು ಸಾಲ ಪಾಸ್ ಮಾಡಿ ತಿಂಗಳಾಯ್ತಂತೆ. ಮುಂಗಡ ಕಟ್ಟಿ ಹೊಸ ಗಾಡಿ ತರೋದು ಬಿಟ್ಟು ಯಾಕೆ ಮೀನಮೇಷ ಎಣಿಸ್ತಿದ್ದೀರಿ?"

"ಬಾಡಿಗೆ ಗಾಡಿನೇ ಆರಾಮ. ರಜೆ ಹಾಕಿದ್ರೆ ಬಾಡಿಗೆ ಇಲ್ಲ. ರಿಪೇರಿ, ಇನ್ಶೂರೆನ್ಸ್, ಆರ್‌ಟಿಓ ಎಫ್‌ಸಿ ಎಲ್ಲ ನಿಮ್ಮ ತಲೆನೋವು. ನಂದು ಗ್ಯಾಸ್ ಮಾತ್ರ. ಸಾಲದ ಗಾಡಿ ಕೆಟ್ಟು ನಿಂತ್ರೂ ಕಂತು ನಿಲ್ಲಲ್ಲ. ಕಂತು ತಪ್ತಾ ಹೋದ್ರೆ ಗಾಡಿನೇ ಎತ್ಕೊಂಡು ಹೋಗ್ತಾರೆ!"

"ತಿಂಗಳಿಗೆ ಇಪ್ಪತ್ತಾರು ದಿನ ಓಡ್ಸಿದ್ರೆ ನನಗೆ ಕೊಡೋದೇ ಹತ್ತು ಸಾವಿರ ದಾಟತ್ತೆ. ನಿಮ್ಮ ಕಂತು ಎಂಟೂವರೆ ಸಾವಿರ. ಮಿಕ್ಕಿದ್ದನ್ನೂ, ಮೇಲೆ ಸ್ವಲ್ಪ ಸೇರಿಸಿ ರಿಪೇರಿಗೆ ಎತ್ತಿಡಿ. ಮೂರು ವರ್ಷಕ್ಕೆ ಸಾಲ ತೀರತ್ತೆ. ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಿದ್ರೆ ಗಾಡಿ ನಿಮ್ಮದು. ನನಗೆ ಹತ್ತು ವರ್ಷ ಬಾಡಿಗೆ ಕೊಟ್ರೂ ಒಂದು ನಟ್ಟೂ ನಿಮ್ಮದಾಗಲ್ಲ!"

ಅವನು ಕೈಯಲ್ಲಿದ್ದ ನೋಟುಗಳನ್ನು ಮಡಚಿ ಬಿಚ್ಚುತ್ತಾ ನಿಂತ.

'ಇಷ್ಟು ಪುಕ್ಕಲನಾ ಇವನು? ಇಂಥವನನ್ನೇ ಮೆಚ್ಚಿದೆಯಲ್ಲ ನನ್ನ ಹಾಳು ಮನಸ್ಸು...' ಅವಳಿಗೆ ಅಳುವೇ ಬಂತು.

"ಆ ಲೆಕ್ಕ ನಂಗೂ ಗೊತ್ತು," ಎಂದ ಅವನು, ನೆಲ ನೋಡುತ್ತಾ.

"ಮತ್ತೇನು ಭಯ?"

"ಸ್ವಂತ ಗಾಡಿ ಬಂದ್ರೆ... ಸಂಜೆ ಈ ಗೇಟಿಗೆ ಯಾವ ನೆಪ ಹೇಳ್ಕೊಂಡು ಬರ್ಲಿ?"

ಅವಳ ಕೋಪವೆಲ್ಲ ಎಲ್ಲಿ ಹೋಯಿತೋ! ಇದೇ ಮಾತಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದಳಲ್ಲ...

"ಅವನನ್ನ ಒಳಗಾದ್ರೂ ಕರಿಯೇ! ಬೀದಿಯವರೆಲ್ಲ ಕೇಳಿಸ್ಕೊತಿದ್ದಾರೆ!" ಒಳಗಿಂದ ಅವಳ ಅಮ್ಮನ ದನಿ.

ಇಬ್ಬರೂ ನಾಚಿ ನಕ್ಕರು.

"ಆ ಹೊಸ ಡ್ರೈವರ್ ಯಾರು ಅಂತ ಹೇಳ್ಲೇ ಇಲ್ಲ..."

"ನಾನೇ! ಲೈಸೆನ್ಸ್ ಬಂತು, ಆಟೋ ಓಡ್ಸೋ ಬ್ಯಾಡ್ಜೂ ಬಂತು."

"ನೀವಾ!"

"ಹೂಂ. ನಿಮ್ಮ ಗಾಡಿ ಗ್ಯಾರೇಜ್ ಸೇರಿದ ದಿನ ಇದನ್ನೇ ಓಡ್ಸಿ. ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ನೀವು. ಕಂತು ಹೇಗೆ ತಪ್ಪತ್ತೆ ನೋಡೋಣ."

"ಅವತ್ತಿನ ಬಾಡಿಗೆ?"

ಅವಳು ಕೀಯನ್ನು ಸೆರಗಿನ ತುದಿಗೆ ಸುತ್ತಿಕೊಂಡಳು. ಕೆನ್ನೆ ಬಿಸಿಯಾಯಿತು.

"ಗಂಡನ ಹತ್ರ ಯಾರಾದ್ರೂ ಬಾಡಿಗೆ ಇಸ್ಕೊತಾರಾ?"

ಅವನ ಕಣ್ಣು ತುಂಬಿ ಬಂತು. "ನಾಳೆನೇ ಮುಂಗಡ ಕಟ್ಟಿ ಬರ್ತೀನಿ, ಓನರಮ್ಮ."

"ನಾನೇ ಕರ್ಕೊಂಡು ಹೋಗ್ತೀನಿ. ನನ್ನ ಮೊದಲ ಸವಾರಿ ನೀವೇ."

"ಮೀಟರ್ ಹಾಕ್ತೀರಾ?"

"ಮೀಟರ್ ಮೇಲೆ ಹತ್ತು ರೂಪಾಯಿನೂ ಕೇಳ್ತೀನಿ!"